ಹಳೆಯ ಕಛೇರಿ, ಹೊಸ ಟಿವಿ: ಯಾವ ಮೋಡ್‌ನಲ್ಲಿ ತಂಬೂರಿ ತಂಬೂರಿಯಂತೆ ಕಾಣುತ್ತದೆ?

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ 43 ಇಂಚಿನ ಟಿವಿ ಬಂದ ವಾರವೇ ಅಪ್ಪ ಕರೆದು ಹೇಳಿದರು: "ತಮ್ಮಾ, ಇಲ್ಲಿ ನೋಡು. ಹಾಡೋರು ಇಷ್ಟು ದಪ್ಪ ಇದ್ದಿದ್ದಿಲ್ಲ. ನಾ ಎದುರಿಗೆ ಕೂತು ಕೇಳೀನಿ." ಟಿವಿಯಲ್ಲಿ ದೂರದರ್ಶನದ ಹಳೆಯ ಹಿಂದೂಸ್ತಾನಿ ಕಛೇರಿ ಬರುತ್ತಿತ್ತು. ಗಾಯಕರ ಮುಖ ಅಗಲ, ತಂಬೂರಿಯ ಬುರುಡೆ ಚಪ್ಪಟೆ. ಅಪ್ಪನ ಮಾತು ಸರಿಯೇ ಇತ್ತು. ಆ ಕಾಲದ ಚಿತ್ರದ ಅಳತೆ 4:3. ಅಂದರೆ ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ. ಈಗಿನ ಟಿವಿ 16:9. ಟಿವಿ ಜೋಡಿಸಲು ಬಂದವರು ಪರದೆ ತುಂಬಲಿ ಅಂತ ಹಿಗ್ಗಿಸಿಟ್ಟು ಹೋಗಿದ್ದರು.

ಆ ಕಛೇರಿಯ ಅರ್ಧ ಗಂಟೆಯನ್ನು ಸೆಟ್-ಟಾಪ್ ಬಾಕ್ಸ್‌ನಿಂದಲೇ ಪೆನ್ ಡ್ರೈವ್‌ಗೆ ರೆಕಾರ್ಡ್ ಮಾಡಿಕೊಂಡೆ. ಅದೇ ತುಣುಕನ್ನು ನಾಲ್ಕು ಮೋಡ್‌ನಲ್ಲೂ ಹಾಕಿ ನೋಡಿದೆ. ಮೊದಲು ಬಾಕ್ಸ್‌ನ ಎಚ್‌ಡಿಎಂಐ ಕೇಬಲ್ ತೆಗೆದು ಹಳದಿ-ಬಿಳಿ-ಕೆಂಪು ಬಣ್ಣದ ಎವಿ ಕೇಬಲ್ ಹಾಕಿದೆ. ಬಾಕ್ಸ್‌ನ ಮೆನುವಿನಲ್ಲಿ ಟಿವಿಯ ಅಳತೆ `4:3` ಅಂತ ಇಟ್ಟೆ. ಹೀಗೆ ಮಾಡಿದರೆ ಹಳೆಯ ಚಿತ್ರ ಇದ್ದ ಹಾಗೇ ಟಿವಿಗೆ ತಲುಪುತ್ತದೆ, ಯಾವ ಮೋಡ್ ಏನು ಮಾಡುತ್ತದೆ ಅನ್ನೋದು ಸ್ಪಷ್ಟವಾಗಿ ಕಾಣುತ್ತದೆ. ಗಾಯಕರ ಹಿಂದಿನ ಪರದೆಯ ಮೇಲೆ ದುಂಡನೆಯ ಚಿತ್ತಾರವೊಂದಿತ್ತು. ಅವ್ವನ ಹೊಲಿಗೆ ಡಬ್ಬಿಯಿಂದ ಟೇಪು ತಂದು, ಪರದೆಗೆ ಒತ್ತದೆ ಸುಮ್ನೆ ಹಿಡಿದು ಅದನ್ನು ಅಳೆದೆ.

`Full` ಮೋಡ್‌ನಲ್ಲಿ ಚಿತ್ತಾರ 12 ಸೆಂ.ಮೀ. ಎತ್ತರ, 16 ಸೆಂ.ಮೀ. ಅಗಲ. ಎತ್ತರ ಹಾಗೇ ಇದ್ದು ಅಗಲ ಮಾತ್ರ ಮೂರನೇ ಒಂದು ಪಾಲು ಹೆಚ್ಚುತ್ತದೆ. ಇದು ಸ್ವಲ್ಪ ವ್ಯತ್ಯಾಸ ಅಲ್ಲ, ಅಲ್ವಾ?

`Wide Zoom` ಜಾಣತನದ ಮೋಡ್. ನಡುವಿನ ಭಾಗವನ್ನು ಸರಿಸುಮಾರು ಸರಿಯಾಗಿಟ್ಟು ಅಂಚುಗಳನ್ನು ಜಾಸ್ತಿ ಎಳೆಯುತ್ತದೆ, ಮೇಲೆ ಕೆಳಗೆ ಸ್ವಲ್ಪ ಕತ್ತರಿಸುತ್ತದೆ. ಸುದ್ದಿ ಓದುವವರು ಒಬ್ಬರೇ ನಡುವೆ ಕೂತಿದ್ದರೆ ಮೋಸ ಗೊತ್ತಾಗುವುದೇ ಇಲ್ಲ. ಕಛೇರಿಗೆ ಮಾತ್ರ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ. ಗಾಯಕರು ನಡುವೆ, ತಂಬೂರಿಯವರು ಎರಡೂ ಬದಿ. ಗಾಯಕರು ಸರಿಯಾಗಿ ಕಾಣುತ್ತಾರೆ, ಎರಡೂ ತಂಬೂರಿ ಉಬ್ಬುತ್ತವೆ. ಕ್ಯಾಮೆರಾ ನಿಧಾನಕ್ಕೆ ತಬಲಾದವರ ಕಡೆ ತಿರುಗಿದಾಗ, ಅಂಚಿಗೆ ಸರಿದ ಗಾಯಕರ ಮುಖ ಕಣ್ಣೆದುರೇ ಅಗಲವಾಗುತ್ತಾ ಹೋಗುತ್ತದೆ. ಎರಡು ಸಲ ನೋಡಿದ ಮೇಲೆ ನನಗೆ ತಾನದ ಕಡೆ ಗಮನವೇ ಹೋಗಲಿಲ್ಲ.

`Zoom` ಮೋಡ್‌ನಲ್ಲಿ ಚಿತ್ತಾರ ದುಂಡಗೆ ಬಂತು. ಆಕಾರ ಕೆಡುವುದಿಲ್ಲ, ಆದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಮೇಲೆ ಎಂಟನೇ ಒಂದು ಪಾಲು, ಕೆಳಗೆ ಅಷ್ಟೇ. ನಮ್ಮ ತುಣುಕಿನಲ್ಲಿ ತಂಬೂರಿಯ ಬಿರಡೆಗಳು ಮೇಲೆ ಹೋದವು, ಸಾಥಿದಾರರ ಹೆಸರು ಬರೆದ ಪಟ್ಟಿ ಕೆಳಗೆ ಹೋಯಿತು. ತಬಲಾದವರು ಯಾರು ಅಂತ ಅಪ್ಪ ಕೇಳಿದರೆ ಹೇಳೋದು ಹೇಗೆ? ಈ ಮೋಡ್ ಒಂದು ಕಡೆ ಮಾತ್ರ ಸರಿ. ಅಗಲ ಪರದೆಯ ಸಿನಿಮಾವನ್ನು ಹಳೆಯ 4:3 ಚೌಕಟ್ಟಿನೊಳಗೆ ಕೂರಿಸಿ ಕಳಿಸಿದ್ದರೆ ನಾಲ್ಕೂ ಕಡೆ ಕಪ್ಪು ಬರುತ್ತದೆ. ಆಗ `Zoom` ಒತ್ತಿದರೆ ಹೋಗುವುದು ಕಪ್ಪು ಪಟ್ಟಿಯೇ ಹೊರತು ಚಿತ್ರವಲ್ಲ.

ಕೊನೆಗೆ `4:3`. ಕೆಲವು ಟಿವಿಯಲ್ಲಿ ಇದಕ್ಕೆ `Normal` ಅಂತ ಹೆಸರು. ನಮ್ಮ ಟಿವಿಯ ಪರದೆ 95 ಸೆಂ.ಮೀ. ಅಗಲ, ಚಿತ್ರ ಬಂದದ್ದು 71ರಷ್ಟು. ಎರಡೂ ಬದಿ 12 ಸೆಂ.ಮೀ. ಕಪ್ಪು ಪಟ್ಟಿ. ಚಿತ್ತಾರ 12ಕ್ಕೆ 12. ಬಿರಡೆಗಳೂ ಇದ್ದವು, ಹೆಸರಿನ ಪಟ್ಟಿಯೂ ಇತ್ತು. ಆವತ್ತು ಹುಬ್ಬಳ್ಳಿಯಿಂದ ಬಂದಿದ್ದ ಕಾಕಾಗೆ ಮಾತ್ರ ಇದು ಸರಿ ಕಾಣಲಿಲ್ಲ. "ಇಷ್ಟು ರೊಕ್ಕಾ ಕೊಟ್ಟು ತಂದೀರಿ, ಎರಡೂ ಕಡೆ ಕರೇ ಪಟ್ಟಿ ಯಾಕೋ?" ಅಂದರು. ನಾನು ಮೂಲೆಯಿಂದ ಮೂಲೆಗೆ ಟೇಪು ಹಿಡಿದು ತೋರಿಸಿದೆ. ಪಟ್ಟಿ ಬಿಟ್ಟು ಉಳಿದ ಚಿತ್ರವೇ 35 ಇಂಚು ಇದೆ. ನಮ್ಮ ಹಳೆಯ ಡಬ್ಬಾ ಟಿವಿ ಇದ್ದದ್ದು 21. ಕಾಕಾ ಟೇಪು ಇಸಿದುಕೊಂಡು ತಾವೇ ಒಮ್ಮೆ ಅಳೆದರು, ಆಮೇಲೆ ಕೂತು ಕೇಳಿದರು.

ಆಯ್ಕೆ ಮುಗಿಯಿತು ಅಂದುಕೊಂಡು ಮತ್ತೆ ಎಚ್‌ಡಿಎಂಐ ಕೇಬಲ್ ಹಾಕಿದೆ, ಬಾಕ್ಸ್‌ನಲ್ಲಿ ಟಿವಿಯ ಅಳತೆಯನ್ನು ವಾಪಸ್ `16:9` ಮಾಡಿದೆ. ಅಲ್ಲಿಂದ ನಿಜವಾದ ಗೊಂದಲ ಶುರುವಾಯಿತು. ಈ ದಾರಿಯಲ್ಲಿ ಬಾಕ್ಸ್ ಎಲ್ಲ ಚಾನೆಲ್‌ಗಳನ್ನೂ 16:9 ಚೌಕಟ್ಟಿಗೆ ಹಾಕಿಯೇ ಕಳಿಸುತ್ತದೆ. ಹಳೆಯ ಚಿತ್ರವನ್ನು ಹಿಗ್ಗಿಸಬೇಕೋ, ಪಕ್ಕದಲ್ಲಿ ಪಟ್ಟಿ ಹಾಕಬೇಕೋ ಅನ್ನೋದನ್ನು ಬಾಕ್ಸ್ ಮೊದಲೇ ತೀರ್ಮಾನಿಸಿರುತ್ತದೆ. ಬಾಕ್ಸ್ ಹಿಗ್ಗಿಸಿ ಕಳಿಸಿದ್ದಕ್ಕೆ ಟಿವಿಯಲ್ಲಿ `Zoom` ಒತ್ತಿದರೆ ಆಕಾರ ಸರಿಯಾಗುವುದಿಲ್ಲ. ದಪ್ಪ ಮುಖ ಇನ್ನೂ ದೊಡ್ಡದಾಗಿ, ನೆತ್ತಿಯೂ ಹೋಗುತ್ತದೆ. ಬಾಕ್ಸ್ ಪಟ್ಟಿ ಹಾಕಿ ಕಳಿಸಿದ ಮೇಲೆ ಟಿವಿಯಲ್ಲೂ `4:3` ಇಟ್ಟರೆ ಎರಡು ಸಲ ಕುಗ್ಗುತ್ತದೆ. ಆಗ ನಮ್ಮ ಪರದೆಯ ಮೇಲೆ ಚಿತ್ರ ಸುಮಾರು 53 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಚೌಕವಾಯಿತು. ಎಲ್ಲರೂ ಬಡಕಲು. ಪಕ್ಕದ ಪಟ್ಟಿಗಳು ತೀರಾ ಅಗಲವಾಗಿವೆ ಅನ್ನಿಸಿದರೆ ಕಾರಣ ಇದೇ.

ಎರಡು ದಾರಿ ಉಳಿದವು. ಒಂದು, ಬಾಕ್ಸ್ ಹಿಗ್ಗಿಸಲಿ, ಟಿವಿಯಲ್ಲಿ `4:3` ಒತ್ತೋಣ. ಇನ್ನೊಂದು, ಬಾಕ್ಸ್‌ನಲ್ಲಿ `Pillarbox` ಇಟ್ಟು ಟಿವಿಯನ್ನು `Full`ನಲ್ಲೇ ಬಿಡೋಣ. ಚಿತ್ರ ಎರಡರಲ್ಲೂ ಸರಿಯೇ. ನಾನು ಎರಡನೆಯದನ್ನು ಇಟ್ಟಿದ್ದೇನೆ. ಹಳೆಯ ಚಿತ್ರ ಬಂದರೆ ಪಟ್ಟಿ ತಾನಾಗಿ ಬರುತ್ತದೆ, ಹೊಸ ಚಾನೆಲ್‌ಗೆ ಹೋದರೆ ಪರದೆ ತುಂಬುತ್ತದೆ. ಅಪ್ಪ ರಿಮೋಟ್ ಹುಡುಕಬೇಕಿಲ್ಲ. ಮೊದಲನೆಯದರಲ್ಲಿ ಪ್ರತಿ ಸಲ ಮೋಡ್ ಬದಲಿಸಬೇಕಿತ್ತು.

ಈ ಏರ್ಪಾಡಿಗೆ ಸಿಗದ ತೊಂದರೆ ಒಂದಿದೆ. ಕೆಲವು ಸಲ ಚಾನೆಲ್‌ನವರೇ ಹಳೆಯ ಚಿತ್ರವನ್ನು ಹಿಗ್ಗಿಸಿ ಬಿಡುತ್ತಾರೆ. ಅದು ಹಿಗ್ಗಿದ್ದು ಅಂತ ಬಾಕ್ಸ್‌ಗೆ ತಿಳಿಯುವ ದಾರಿಯೇ ಇಲ್ಲ. ಕಂಡುಹಿಡಿಯಲು ಮೂಲೆಯ ಲೋಗೊ ನೋಡಬೇಕು. ಲೋಗೊವನ್ನು ಸಾಮಾನ್ಯವಾಗಿ ಕೊನೆಯಲ್ಲಿ ಕೂರಿಸುತ್ತಾರೆ. ಹಾಗಾಗಿ ದುಂಡನೆಯ ಲೋಗೊ ದುಂಡಗೇ ಇದ್ದು, ಸಿನಿಮಾದ ಚಕ್ಕಡಿಯ ಗಾಲಿ ಮೊಟ್ಟೆಯಾಗಿದ್ದರೆ ಹಿಗ್ಗಿಸಿದ್ದು ಚಾನೆಲ್. ಲೋಗೊ, ಗಾಲಿ ಎರಡೂ ಮೊಟ್ಟೆಯಾಗಿದ್ದರೆ ನಮ್ಮ ಬಾಕ್ಸ್ ಅಥವಾ ಟಿವಿಯಲ್ಲಿ ತಪ್ಪಿದೆ.

ಚಾನೆಲ್ ಹಿಗ್ಗಿಸಿದ್ದಕ್ಕೆ ಟಿವಿಯ `4:3` ಒಂದೇ ಮದ್ದು. ಆಗ ಲೋಗೊ ತೆಳ್ಳಗಾಗುತ್ತದೆ, ಮನುಷ್ಯರು ಸರಿಯಾಗುತ್ತಾರೆ. ಮಧ್ಯಾಹ್ನ ಹಳೆಯ ಕನ್ನಡ ಸಿನಿಮಾ ಹಾಕುವ ಒಂದು ಚಾನೆಲ್‌ಗೆ ಅವ್ವ ಈಗ ತಾನೇ ಆ ಗುಂಡಿ ಒತ್ತುತ್ತಾಳೆ. ಸಿನಿಮಾ ಮುಗಿದ ಮೇಲೆ ವಾಪಸ್ `Full` ಮಾಡಲು ಮರೆತರೆ, ಸಂಜೆ ವಾರ್ತೆ ಓದುವವರು ಸಣಕಲಾಗಿ ಕಾಣುತ್ತಾರೆ. ಅಪ್ಪನೇ ಕೂಗಿ ಹೇಳುತ್ತಾರೆ.