ಲೋವರ್ ಆರ್ಮ್ ಬುಶ್ ಹಾಕಿಸಿದ್ದೀರಾ? ಕಪ್ಪು ಪೇಂಟ್ ಇದ್ದರೆ ಮೊದಲು ಕೆರೆದು ನೋಡಿ

ಬೆಳಗಾವಿಯಲ್ಲಿ ಕಾರಿನ ಲೋವರ್ ಆರ್ಮ್, ಅಂದರೆ ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ ಬುಶ್ ಬದಲಾಯಿಸಲು ಹೊರಟಿದ್ದರೆ ಇದನ್ನು ಓದಿಯೇ ಹೋಗಿ. ಗ್ಯಾರೇಜಿನ ಹೆಸರು ಹಾಕೋದಿಲ್ಲ, ಕೇಳಬೇಡಿ. ಅವರು ಏನು ಮಾಡಿದರು ಅನ್ನೋದು ಗೊತ್ತಾದರೆ ಸಾಕು.

ನನ್ನದು ಹಳೆಯ ಸಣ್ಣ ಕಾರು. ಬ್ರೇಕ್ ಒತ್ತಿದಾಗ ಎಡಗಡೆ ಮುಂದಿನ ಚಕ್ರದ ಹತ್ತಿರ ಟಕ್ ಅನ್ನುತ್ತಿತ್ತು. ಟೈರಿನ ಒಳಗಿನ ಅಂಚು ಬೇಗ ಸವೆಯುತ್ತಿತ್ತು. ಗ್ಯಾರೇಜಿನಲ್ಲಿ ಗಾಡಿ ಎತ್ತಿ, ಆರ್ಮ್ ಸಂದಿಯಲ್ಲಿ ಸಬ್ಬಲ್ ಹಾಕಿ ಮೀಟಿ ತೋರಿಸಿದರು. ರಬ್ಬರು ಹರಿದು ಬಾಯಿ ಬಿಟ್ಟಿತ್ತು. ಅಲ್ಲಿಯವರೆಗೆ ಎಲ್ಲಾ ಸರಿ, ಅವರು ಹಿಡಿದ ರೋಗವೂ ಸರಿ.

"ಆರ್ಮ್ ಚಲೋ ಐತ್ರಿ ಸರ್, ಬಾಲ್ ಜಾಯಿಂಟೂ ಚಲೋ ಐತಿ. ಬರೇ ಬುಶ್ ಹೋಗೇತಿ. ಉದ್ಯಮಬಾಗದಾಗ ಹೈಡ್ರಾಲಿಕ್ ಪ್ರೆಸ್‌ನ್ಯಾಗ ಹಾಕಿಸಿ ಕೊಡ್ತೇವಿ." ಬುಶ್ ದುಡ್ಡು ಬೇರೆ, ಬಿಚ್ಚಿ ಹಾಕುವ ಕೂಲಿ ಬೇರೆ, ಪ್ರೆಸ್ ಚಾರ್ಜ್ ಅಂತ 800 ರೂಪಾಯಿ ಬೇರೆ. ಉದ್ಯಮಬಾಗ ಅಂದರೆ ನಮ್ಮೂರಿನ ಕೈಗಾರಿಕಾ ಪ್ರದೇಶ, ಅಲ್ಲಿ ಲೇತ್, ಪ್ರೆಸ್ ಇರೋದು ಎಲ್ಲರಿಗೂ ಗೊತ್ತು, ಅಲ್ವಾ? ನಾನೂ ಹೂಂ ಅಂದೆ.

ಸಂಜೆ ಹೋದರೆ ಆರ್ಮ್ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಮೈತುಂಬಾ ಕಪ್ಪು ಪೇಂಟು. "ತುಕ್ಕು ಹಿಡೀಬಾರ್ದಂತ ಹೊಡೆದೇವ್ರಿ, ಅದು ಫ್ರೀ" ಅಂದರು. ಎಷ್ಟು ಕಾಳಜಿ ನೋಡಿ! ಹೆಲ್ಪರ್ ಹುಡುಗನ ಕೈಗೆ ಚಹಾ ಕುಡೀಪ್ಪಾ ಅಂತ ನೂರು ರೂಪಾಯಿ ಬೇರೆ ಇಟ್ಟು ಬಂದೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ತಿಂಗಳು ತುಂಬುವುದರೊಳಗೆ ಅದೇ ಟಕ್ ಟಕ್. ಮೊದಲಿಗಿಂತ ಜೋರು. ಸ್ಟೇರಿಂಗೂ ಒಂದು ಕಡೆಗೆ ಎಳೆಯಲು ಶುರುವಾಯಿತು. ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಅಲ್ಲಿನ ಹುಡುಗ ಕೆಳಗೆ ಹೊಕ್ಕು, ಅಲೈನ್‌ಮೆಂಟ್ ಮಾಡೋಕೇ ಒಪ್ಪಲಿಲ್ಲ. "ಅಣ್ಣಾ, ಇಲ್ಲಿ ಬಂದು ನೋಡ್ರಿ" ಅಂತ ಕರೆದ. ಸ್ಕ್ರೂಡ್ರೈವರ್ ತುದಿಯಿಂದ ಆ ಕಪ್ಪು ಪೇಂಟು ಕೆರೆದ. ಕೆಳಗೆ ವೆಲ್ಡಿಂಗ್! ಬುಶ್ಶಿನ ಹೊರಗಿನ ಕಬ್ಬಿಣದ ಬಳೆಗೂ ಆರ್ಮಿನ ತೂತಿನ ಅಂಚಿಗೂ ಸೇರಿಸಿ ಜೋಳದ ಕಾಳಿನಷ್ಟು ದಪ್ಪದ ಮೂರು ಚುಕ್ಕೆ. ಚುಕ್ಕೆ ಇದ್ದ ಕಡೆಯೆಲ್ಲ ರಬ್ಬರು ಸುಟ್ಟು ಬಳೆಯಿಂದ ಬಿಟ್ಟುಕೊಂಡಿತ್ತು. ತೂತಿನ ಅಂಚಿನಲ್ಲಿ ಚಾಣ ಹೊಡೆದ ಗುರುತು. ಪೇಂಟು ಯಾಕೆ ಫ್ರೀ ಅಂತ ಆಗ ಗೊತ್ತಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಬುಶ್ ಅಂದರೆ ಒಳಗೊಂದು ಕಬ್ಬಿಣದ ನಳಿಗೆ, ಸುತ್ತ ರಬ್ಬರು, ಅದರ ಹೊರಗೆ ಇನ್ನೊಂದು ಕಬ್ಬಿಣದ ಬಳೆ. ಹೊರಗಿನ ಬಳೆ ಆರ್ಮಿನ ತೂತಿಗಿಂತ ಒಂದು ಕೂದಲಷ್ಟು ದೊಡ್ಡದಿರುತ್ತದೆ. ಒತ್ತಿ ಕೂರಿಸಿದರೆ ಆ ಬಿಗಿಯಲ್ಲೇ ನಿಲ್ಲುತ್ತದೆ. ಇಂಥ ಬುಶ್ಶಿಗೆ ವೆಲ್ಡಿಂಗ್ ಬೇಕಾಗೋದೇ ಇಲ್ಲ. ಚುಕ್ಕೆ ಹೊಡೆದಿದ್ದಾರೆ ಅಂದರೆ ತೂತು ಕೆಟ್ಟಿದೆ, ಬುಶ್ ಸಡಿಲ ಕೂತಿದೆ, ಅದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ.

ನೇರ ಗ್ಯಾರೇಜಿಗೆ ಹೋದೆ. ಮಾಲೀಕನ ಮೊದಲ ಮಾತು, "ಪ್ರೆಸ್‌ನವ್ರು ಮಾಡಿರಬೇಕ್ರಿ." ಯಾವ ಪ್ರೆಸ್‌ನವರು, ನಡೀರಿ ಹೋಗಿ ಕೇಳೋಣ ಅಂದೆ. "ಅಂವಾ ಇವತ್ತ ರಜಾ ಅದಾನ್ರಿ." ಹೋಗಲಿ, ಫೋನ್ ನಂಬರ್ ಕೊಡಿ ಅಂದೆ. ಅದಕ್ಕೆ ಉತ್ತರವಿಲ್ಲ. ಆಮೇಲೆ ಮಾತೇ ಬದಲು. "ಎಲ್ಲಾರೂ ಟ್ಯಾಕ್ ಹೊಡೀತಾರ ಸರ್, ಎಕ್ಸ್‌ಟ್ರಾ ಗಟ್ಟಿ ಆಗ್ಲೆಂತ." ಎಕ್ಸ್‌ಟ್ರಾ ಗಟ್ಟಿಯಂತೆ! ಗಟ್ಟಿ ಮಾಡಿದ್ದನ್ನು ಪೇಂಟ್ ಹೊಡೆದು ಯಾಕೆ ಮುಚ್ಚಿದಿರಿ ಅಂತ ಕೇಳಿದೆ. "ನಿಮ್ಮ ಆರ್ಮಿನ ತೂತ ಮೊದಲ ದೊಡ್ಡದಾಗಿತ್ರಿ." ಹಾಗಿದ್ದರೆ ಬಿಚ್ಚಿದಾಗಲೇ ಒಂದು ಫೋನ್ ಮಾಡಬಾರದಿತ್ತಾ? "ನೀವ ಅರ್ಜಂಟ್ ಅಂದಿದ್ರೆಲ್ಲ ಸರ್." ನೋಡಿ, ಕೊನೆಗೆ ತಪ್ಪು ನನ್ನ ತಲೆಗೇ ಬಂತು.

ನಿಜ ಹೇಳಿದ್ದು ಆ ಹೆಲ್ಪರ್ ಹುಡುಗ. ಮಾಲೀಕ ಫೋನ್ ಹಿಡಿದು ಆಚೆ ಹೋದಾಗ ಮೆಲ್ಲಗೆ ಅಂದ, "ಪ್ರೆಸ್ ಎಲ್ಲೀದ್ರಿ ಸರ್, ಇಲ್ಲೇ ರಾಡ್ ಹಾಕಿ ಎಳೆದ್ವಿ. ಬರ್ಲಿಲ್ಲ. ಆಮ್ಯಾಗ ಗ್ಯಾಸ್ ಹಿಡಿದು ಚಾಣ ಹೊಡೆದ್ವಿ." ಮೂಲೆಯಲ್ಲಿದ್ದ ರಾಡನ್ನೂ ಅದಕ್ಕೆ ಹಾಕಿದ್ದ ಸಾಕೆಟ್ಟನ್ನೂ ತೋರಿಸಿದ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾದಾ ಥ್ರೆಡ್ ರಾಡು, ನಡುವೆ ಥ್ರೆಡ್ಡಿನ ಆಟೆ ಪೂರ್ತಿ ಬೋಳಾಗಿತ್ತು, ನಟ್ ಅಲ್ಲೇ ಕಚ್ಚಿಕೊಂಡು ನಿಂತಿತ್ತು. ಗುಜರಿ ಡಬ್ಬಿಯಿಂದ ನನ್ನ ಹಳೇ ಬುಶ್ ಹುಡುಕಿ ಕೊಟ್ಟ. ಅದರ ಬಳೆ ಮಡಚಿ ಸೀಳಿ ಹೋಗಿತ್ತು. ಅವತ್ತು ಕೊಟ್ಟ ನೂರು ರೂಪಾಯಿ ಇದಕ್ಕಾದರೂ ಉಪಯೋಗಕ್ಕೆ ಬಂತು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ರಾಡ್ ಮತ್ತು ಸಾಕೆಟ್ ಹಾಕಿ ಬುಶ್ ತೆಗೆಯೋದು ಮೋಸ ಅಲ್ಲ. ಪ್ರೆಸ್ ಇಲ್ಲದ ಕಡೆ ಅದೇ ಸರಿಯಾದ ದಾರಿ. ಪ್ರೆಸ್ ಅಂತ ಹೇಳಿ ದುಡ್ಡು ತಗೊಂಡು, ರಾಡ್ ಕೆಲಸವನ್ನೂ ನೆಟ್ಟಗೆ ಮಾಡದೆ, ಕೆಟ್ಟಿದ್ದನ್ನು ಪೇಂಟಲ್ಲಿ ಮುಚ್ಚಿದ್ದು ಮೋಸ.

ಎಲ್ಲಿ ಕೆಟ್ಟಿತು ಅಂತ ಮನೆಗೆ ಬಂದು ನೋಡಿದೆ. ನನ್ನ ಸೋದರಮಾವ ಉದ್ಯಮಬಾಗದಲ್ಲಿ ಫಿಟ್ಟರ್ ಆಗಿದ್ದವರು. ಹೊಸ ಬುಶ್ ತಂದು ಅವರ ವರ್ನಿಯರ್‌ನಲ್ಲಿ ಹಿಡಿದರೆ ಹೊರಗಿನ ಬಳೆ 38 ಮಿ.ಮೀ. ರಾಡ್ ಕೆಲಸ ಅಂದರೆ ಬುಶ್ಶಿನ ನಡುವೆ ರಾಡು ತೂರಿಸಿ, ಎರಡೂ ಕಡೆ ಸಾಕೆಟ್ ಇಟ್ಟು, ನಟ್ ಬಿಗಿ ಮಾಡುತ್ತಾ ಬುಶ್ಶನ್ನು ಎಳೆಯೋದು. ಅದಕ್ಕೆ ಎರಡು ಸಾಕೆಟ್ ಬೇಕು. ಒಂದು ಬುಶ್ಶನ್ನು ತಳ್ಳುವಂಥದ್ದು, ಅದರ ಹೊರಗಿನ ಅಳತೆ 38ಕ್ಕಿಂತ ಸ್ವಲ್ಪ ಕಡಿಮೆ ಇರಬೇಕು, ಯಾಕಂದರೆ ಅದು ಬುಶ್ಶಿನ ಹಿಂದೆಯೇ ತೂತಿನೊಳಗೆ ಹೋಗಬೇಕು. ಇನ್ನೊಂದು ಆಚೆ ಕಡೆ ಬುಶ್ಶನ್ನು ನುಂಗುವಂಥದ್ದು, ಅದರ ಬಾಯಿ 38ಕ್ಕಿಂತ ದೊಡ್ಡದಿರಬೇಕು, ಅಂಚು ಮಾತ್ರ ಆರ್ಮಿನ ತೂತಿನ ಸುತ್ತ ಕೂರಬೇಕು. ಹುಡುಗ ತೋರಿಸಿದ ನುಂಗುವ ಸಾಕೆಟ್ ಮೇಲೆ 36 ಅಂತ ಇತ್ತು. 36ರ ಬಾಯಿಗೆ 38ರ ಬಳೆ ಹೋಗುತ್ತದೆಯೇ? ಬಳೆ ಸಾಕೆಟ್ ಅಂಚಿಗೆ ಹೋಗಿ ತಾಗಿದೆ. ಎರಡೂ ಸಾಕೆಟ್ ನಡುವೆ ಬಳೆ ಸಿಕ್ಕಿಕೊಂಡಿದೆ, ಆರ್ಮಿಗೆ ಒತ್ತಡವೇ ಬಿದ್ದಿಲ್ಲ. ಇವರು ಗನ್ ಹಾಕಿ ನಟ್ ತಿರುಗಿಸುತ್ತಲೇ ಹೋಗಿದ್ದಾರೆ. ಬಳೆ ಮಡಚಿತು, ರಾಡಿನ ಆಟೆ ಹೋಯಿತು. ಆಮೇಲೆ ಬೆಂಕಿ, ಚಾಣ. ಚಾಣ ತೂತನ್ನು ಗೀರಿತು, ಅಗಲ ಮಾಡಿತು. ಹೊಸ ಬುಶ್ ಲೊಡಲೊಡ ಅಂದಿತು. ಅದಕ್ಕೇ ವೆಲ್ಡಿಂಗ್.

ಆ ಆರ್ಮ್ ಇನ್ನು ಉಪಯೋಗಕ್ಕಿಲ್ಲ. ಗುಜರಿಯಿಂದ ಅದೇ ಗಾಡಿಯ ಬೇರೆ ಆರ್ಮ್ ತಂದೆ, ಅದರಲ್ಲೂ ಬುಶ್ ಸವೆದಿತ್ತು. ಮಾವ ತಮ್ಮ ಮನೆಯ ಹಿತ್ತಲಲ್ಲೇ ತೆಗೆದು ತೋರಿಸಿದರು.

ಮೊದಲು ವೈರ್ ಬ್ರಷ್ ಹಾಕಿ ತುಕ್ಕು ಉಜ್ಜಿದರು. ಬುಶ್ಶಿನ ಒಂದು ಕಡೆ ಅಂಚು ಹೊರಗೆ ಬಾಗಿ ತುಟಿಯಂತೆ ಇರಬಹುದು. ಇದ್ದರೆ ಅದು ಆ ತುಟಿಯ ಕಡೆಗೇ ಹೊರಬರಬೇಕು, ಉಲ್ಟಾ ಎಳೆದರೆ ದೇವರು ಬಂದರೂ ಬರುವುದಿಲ್ಲ. ಬುಶ್ ಯಾವ ದಿಕ್ಕಿಗೆ ಕೂತಿದೆ, ಎಷ್ಟು ಹೊರಗೆ ಚಾಚಿದೆ ಅಂತ ಗುರುತು ಹಾಕಿ, ಅಳೆದು ಬರೆದುಕೊಂಡರು. ರಾಡು 12 ಮಿ.ಮೀ, ಆದರೆ ಸಾದಾ ಅಲ್ಲ, 8.8 ಗ್ರೇಡಿನದು. ಅರ್ಧ ಇಂಚಿನ ಸಾಕೆಟ್ಟಿನ ಚೌಕ ತೂತಿನಲ್ಲಿ ಅದಕ್ಕಿಂತ ದಪ್ಪ ರಾಡು ಹೋಗೋದಿಲ್ಲ, ಹಾಗಾಗಿ ರಾಡು ಗಟ್ಟಿಯದೇ ಇರಬೇಕು. ಆಟೆಗೆ ಗ್ರೀಸ್ ಬಳಿದು, ನಟ್ ಕೆಳಗೆ ದಪ್ಪ ವಾಷರ್ ಹಾಕಿದರು. ತಳ್ಳುವ ಕಡೆ ಹೊರಗಿನ ಅಳತೆ 37 ಬರುವ ಸಾಕೆಟ್ಟು, ನುಂಗುವ ಕಡೆ 41ರದು. ಕಣ್ಣಿಗೆ ಕನ್ನಡಕ, ಯಾಕಂದರೆ ಸಾಕೆಟ್ ಸಿಡಿಯುವುದುಂಟು. ಗನ್ ಮುಟ್ಟಲಿಲ್ಲ, ಎರಡು ಪಾನಾ ಹಿಡಿದು ಕೈಯಲ್ಲೇ ಬಿಗಿ ಮಾಡುತ್ತಾ ಹೋದರು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ "ಟಪ್" ಅಂತ ಜೋರು ಸದ್ದು. ನಾನು ಏನೋ ಮುರಿಯಿತು ಅಂತ ಹೆದರಿದೆ. ಮಾವ ನಕ್ಕು, "ತುಕ್ಕ ಬಿಡ್ತಲೇ, ಅಷ್ಟ" ಅಂದರು. ಬಳೆಯ ಅಂಚು ಕಣ್ಣೆದುರೇ ತೂತಿನೊಳಗೆ ಇಳಿಯಿತು. ನೋಡಬೇಕಾದ್ದು ಇದನ್ನೇ. ನಟ್ ಬಿಗಿಯಾಗುತ್ತಾ ಹೋಗುತ್ತಿದೆ, ಬಳೆ ಮಾತ್ರ ಕದಲುತ್ತಿಲ್ಲ, ಅಥವಾ ಬರೀ ರಬ್ಬರು ಉಬ್ಬುತ್ತಿದೆ ಅಂದರೆ ತಕ್ಷಣ ನಿಲ್ಲಿಸಬೇಕು. ಅಲ್ಲಿ ಸಾಕೆಟ್ ಅಳತೆ ತಪ್ಪಿದೆ. ಅರ್ಧ ಬಂದ ಮೇಲೆ ಬುಶ್ ಸಾಕೆಟ್ಟಿನ ತಳಕ್ಕೆ ತಾಗಿತು. ಬಿಚ್ಚಿ, ಸಾಕೆಟ್ ಬದಲು ಅಷ್ಟೇ ಅಗಲದ ಪೈಪಿನ ತುಂಡು ಇಟ್ಟು ಉಳಿದದ್ದನ್ನು ಎಳೆದರು.

ಹೊಸದನ್ನು ಕೂರಿಸುವಾಗ ತೂತಿಗೆ ಎಮ್ರಿ ಉಜ್ಜಿ, ಸೋಪಿನ ನೀರು ಹಚ್ಚಿದರು. ರಬ್ಬರಿಗೆ ಗ್ರೀಸ್ ಸೋಕಿಸಲಿಲ್ಲ, ಅದು ರಬ್ಬರನ್ನು ಊದಿಸುತ್ತದೆ. ತಳ್ಳಿದ್ದು ಹೊರಗಿನ ಬಳೆಯನ್ನು ಮಾತ್ರ. ನಡುವಿನ ನಳಿಗೆಯನ್ನು ತಳ್ಳಿದರೆ ಹೊಸ ಬುಶ್ ಕೂರುವ ಮೊದಲೇ ಒಳಗೆ ಹರಿದಿರುತ್ತದೆ. ಸ್ವಲ್ಪ ಒಳಗೆ ಹೋದ ಮೇಲೆ ನಿಲ್ಲಿಸಿ ಸುತ್ತ ನೋಡಿ, ವಾರೆ ಇಲ್ಲ ಅಂತ ಖಾತ್ರಿ ಆದ ಮೇಲೇ ಮುಂದಿನದು.

ಗಾಡಿಗೆ ಹಾಕುವಾಗ ಇನ್ನೊಂದು ವಿಷಯ. ಇದನ್ನೂ ಗ್ಯಾರೇಜಿನವರು ಮಾಡಿರಲಿಲ್ಲ ಅಂತ ಹುಡುಗನೇ ಹೇಳಿದ್ದ. ಜಾಕ್ ಮೇಲೆ ಆರ್ಮ್ ಕೆಳಗೆ ಜೋತು ಬಿದ್ದಿರುತ್ತದೆ. ಆಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ, ಗಾಡಿ ಇಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಗಾಡಿ ಭಾರ ಬಿದ್ದ ಮೇಲೇ ಕೊನೆಯ ಬಿಗಿ.

ಇಷ್ಟು ಮಾಡಿ. ಪ್ರೆಸ್ ಚಾರ್ಜ್ ಕೇಳಿದರೆ ಪ್ರೆಸ್ ಎಲ್ಲಿದೆ ಅಂತ ಕೇಳಿ, ಆಗುವುದಾದರೆ ಆರ್ಮ್ ನೀವೇ ಹೊತ್ತುಕೊಂಡು ಹೋಗಿ ಎದುರಿಗೇ ಒತ್ತಿಸಿ. ಹಳೇ ಬುಶ್ ವಾಪಸ್ ಕೇಳಿ, ಅದರ ಬಳೆ ದುಂಡಗಿದ್ದರೆ ನೆಟ್ಟಗೆ ಬಂದಿದೆ, ಸೀಳಿದ್ದರೆ ತೂತನ್ನು ನೋಡದೆ ದುಡ್ಡು ಕೊಡಬೇಡಿ. ಪೇಂಟ್ ಬೇಡ ಅಂತ ಮೊದಲೇ ಹೇಳಿ.

ಜಗಳ ಆಡಿದ್ದಕ್ಕೆ ಆ 800 ಮಾತ್ರ ಫೋನಿಗೆ ಹಾಕಿದರು. ಹಾಳು ಮಾಡಿದ ಆರ್ಮಿನ ದುಡ್ಡು, ಬುಶ್ಶಿನ ದುಡ್ಡು ಇನ್ನೂ ಬಂದಿಲ್ಲ. ಫೋನ್ ಮಾಡಿದಾಗಲೆಲ್ಲ "ಸೋಮವಾರ ಬರ್ರಿ ಸರ್" ಅನ್ನುತ್ತಾರೆ, ಯಾವ ಸೋಮವಾರ ಅಂತ ಹೇಳುವುದಿಲ್ಲ.