‘ಚೆನ್ನಾಗಿ ಮಾಡಿಕೊಡಿ’ ಎಂದು ಬರೆದು ಕಳಿಸಿದ ಎರಡು ವರ್ಷ: ಒಂದು ಹಸ್ತಪ್ರತಿ ತಿದ್ದುವ ಸೇವೆಯ ಬಗ್ಗೆ

ಕಡತವನ್ನು ಏರಿಸಿದರೆ ಸಂಪಾದಕರೊಬ್ಬರು ತಿದ್ದಿ ಹಿಂತಿರುಗಿಸುವ ಸೇವೆಯೊಂದನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಪುಟಕ್ಕೆ ಅರವತ್ತು ರೂಪಾಯಿ. ನಿವೃತ್ತಿ ವೇತನದಲ್ಲಿ ಬದುಕುವ ನನಗೆ ತಿಂಗಳಿಗೆ ಎಂಟು ಪುಟಕ್ಕಿಂತ ಹೆಚ್ಚು ಕಳಿಸುವ ಶಕ್ತಿಯಿಲ್ಲ. ಕಡತದ ಜೊತೆ ಸೂಚನೆ ಬರೆಯಲು ಒಂದು ಪುಟ್ಟ ಚೌಕವಿದೆ. ಅದರಲ್ಲಿ ನಾನು ಮೊದಲ ದಿನ ಬರೆದದ್ದು ‘ಚೆನ್ನಾಗಿ ಮಾಡಿಕೊಡಿ’ ಎಂದಷ್ಟೇ. ನನಗಾದ ಸಿಟ್ಟಿಗೂ ಆಮೇಲೆ ಸಿಕ್ಕಿದ ಸಂತೋಷಕ್ಕೂ ಆ ಎರಡು ಪದಗಳೇ ಮೂಲ.

ಕಳಿಸಿದ್ದು ನಮ್ಮೂರಿನ ಅಡಿಕೆ ಸುಲಿಯುವ ರಾತ್ರಿಗಳ ಬಗೆಗಿನ ಒಂದು ಲಲಿತ ಪ್ರಬಂಧ. ಅದರಲ್ಲಿದ್ದ ಒಂದು ವಾಕ್ಯ ಹೀಗಿತ್ತು: ‘ಸಂಜೆ ಮೆಟ್ಟುಗತ್ತಿಯ ಮುಂದೆ ಕೂತು, ಕೊನೆಗೌಡ ಇಳಿಸಿದ ಕೊನೆಗಳ ಲೆಕ್ಕ ಹೇಳುತ್ತಾ, ನಡುವೆ ಯಾರದೋ ಮದುವೆಯ ಮಾತು ತೆಗೆದು, ಅದನ್ನು ಮುಗಿಸದೆ, ತೂಕಡಿಸುವವರನ್ನು ಎಬ್ಬಿಸಿ, ಬೆಳ್ಳಿ ಮೂಡುವ ಹೊತ್ತಿಗೆ ಅಜ್ಜಿ ಏಳುತ್ತಿದ್ದಳು.’ ತಿದ್ದಿ ಬಂದ ಪ್ರತಿಯಲ್ಲಿ ಇದು ಐದು ವಾಕ್ಯಗಳಾಗಿತ್ತು. ಅಜ್ಜಿ ಕೂರುತ್ತಿದ್ದಳು, ಲೆಕ್ಕ ಹೇಳುತ್ತಿದ್ದಳು, ಮಾತು ತೆಗೆಯುತ್ತಿದ್ದಳು, ಎಬ್ಬಿಸುತ್ತಿದ್ದಳು, ಏಳುತ್ತಿದ್ದಳು. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಕನ್ನಡದಲ್ಲಿ ಕೂತು, ತೆಗೆದು, ಎಬ್ಬಿಸಿ ಎನ್ನುವ ಅಪೂರ್ಣ ಕ್ರಿಯಾಪದಗಳು ಪೂರ್ಣ ಕ್ರಿಯೆಯನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತವೆ, ಮತ್ತು ನನ್ನ ವಾಕ್ಯದಲ್ಲಿ ರಾತ್ರಿ ಉದ್ದವಾಗಿದ್ದುದೇ ಹಾಗೆ. ಐದು ಕಡೆ ‘ಳು’ ಬಂದ ಕೂಡಲೇ ಆ ರಾತ್ರಿ ಐದು ಕೆಲಸಗಳ ಪಟ್ಟಿಯಾಯಿತು. ಸಾಲದೆಂಬಂತೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ‘ಸಾಂಪ್ರದಾಯಿಕ ಉಪಕರಣ’ವಾಗಿತ್ತು.

ಅದೇ ಕಡತದಲ್ಲಿದ್ದ ಕವಿತೆಗೆ ಆದದ್ದು ಇನ್ನೂ ಕೆಟ್ಟದ್ದು. ‘ಅಜ್ಜಿಯ ಬೆರಳಿಗೆ ಚೊಗರು / ತೊಳೆದರೂ ಚೊಗರು / ಮದುವೆ ಮನೆಯಲ್ಲೂ ಚೊಗರು’ ಎಂದು, ಅಡಿಕೆ ಸುಲಿಯುವಾಗ ಬೆರಳಿಗಂಟುವ ಒಗರು ರಸದ ಬಗ್ಗೆ ನಾನು ಬರೆದಿದ್ದೆ. ಒಂದೇ ಪದ ಮೂರು ಸಲ ಬಂದದ್ದು ದೋಷವೆಂದು ತಿಳಿದ ಸಂಪಾದಕರು ಎರಡನೆಯದನ್ನು ‘ಕಲೆ’ ಎಂದೂ ಮೂರನೆಯದನ್ನು ‘ಶ್ರಮದ ಗುರುತು’ ಎಂದೂ ಮಾಡಿದ್ದರು. ತೊಳೆದರೂ ಹೋಗದ್ದು ಬೆರಳಿನಿಂದ ಹೋಗದಿದ್ದರೂ ಕವಿತೆಯಿಂದ ಹೋಗಿತ್ತು. ಈ ಸೇವೆಯನ್ನೇ ಬಿಡುವುದೆಂದು ತೀರ್ಮಾನಿಸಿದ್ದೆ.

ದೂರು ಬರೆದಾಗ ಅವರು ಹಣ ಕೇಳದೆ ಅದೇ ಕಡತವನ್ನು ಇನ್ನೊಬ್ಬರಿಗೆ ಕೊಟ್ಟರು. ಸೂಚನೆಯನ್ನು ನಾನು ಹಟದಿಂದ ಬದಲಿಸಲಿಲ್ಲ. ಈ ಸಂಪಾದಕಿ ಮಾಡಿದ ಕೆಲಸವನ್ನು ವಿವರವಾಗಿಯೇ ಹೇಳಬೇಕು. ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಸ್ಥಳ ತಪ್ಪಿದ್ದ ಅರ್ಕಾವತ್ತುಗಳನ್ನೂ ನನ್ನ ಳಕಾರ–ಲಕಾರದ ಗೊಂದಲಗಳನ್ನೂ ಅವರು ಕೇಳದೆಯೇ ಸರಿಪಡಿಸಿದ್ದರು. ಉದ್ದ ವಾಕ್ಯವನ್ನು ಮುಟ್ಟಿರಲಿಲ್ಲ. ಆದರೆ ಮುಂದಿನ ಪುಟದಲ್ಲಿ ಅಷ್ಟೇ ಉದ್ದದ ಇನ್ನೊಂದು ವಾಕ್ಯದ ಪಕ್ಕ, ‘ಇಲ್ಲಿ ತೂಕಡಿಸಿದವರು ಯಾರು, ಅಜ್ಜಿಯೋ ಕೆಲಸದವರೋ?’ ಎಂದು ಕೇಳಿದ್ದರು. ಓದಿ ನೋಡಿದರೆ ಕರ್ತೃವೇ ನಡುವೆ ಬದಲಾಗಿದ್ದನು, ತಪ್ಪು ನನ್ನದೇ. ಕವಿತೆಯಲ್ಲಿ ಮೂರು ಚೊಗರುಗಳನ್ನೂ ಉಳಿಸಿ, ಕೊನೆಯ ಸಾಲಾದ ‘ಅವಳ ಕಷ್ಟ ಯಾರಿಗೂ ತಿಳಿಯಲಿಲ್ಲ’ ಎಂಬುದನ್ನು ತೆಗೆಯಬಹುದೇ ಎಂದು ವಿಚಾರಿಸಿದ್ದರು. ಚೊಗರು ಆಗಲೇ ಹೇಳಿದ್ದನ್ನು ಆ ಸಾಲು ಮತ್ತೆ ಹೇಳುತ್ತಿದೆ ಎಂಬುದು ಅವರ ಕಾರಣ. ಆ ಸಾಲನ್ನು ನಾನು ಬಹಳ ಪ್ರೀತಿಯಿಂದ ಬರೆದಿದ್ದೆ. ಎರಡು ದಿನ ಬಿಟ್ಟು ತೆಗೆದೆ.

ಅಂದಿನಿಂದ ನನಗೊಂದು ಅಭ್ಯಾಸವಾಗಿದೆ. ತಿದ್ದಿದ ಕಡತ ಬಂದ ಮರುದಿನ ಬೆಳಿಗ್ಗೆ ಕಾಫಿಯ ಲೋಟ ಪಕ್ಕಕ್ಕಿಟ್ಟು, ತೆರೆಯ ಮೇಲಿನ Accept All ಎಂಬುದರತ್ತ ಕಣ್ಣೂ ಹಾಯಿಸದೆ, ಮೂಲವನ್ನೂ ತಿದ್ದುಪಡಿಯನ್ನೂ ಒಂದೊಂದಾಗಿ ಗಟ್ಟಿಯಾಗಿ ಓದುತ್ತೇನೆ. ಒಳಗಿನಿಂದ ನನ್ನ ಹೆಂಡತಿ ‘ಅದು ನೀವು ಮಾತಾಡಿದ ಹಾಗಿಲ್ಲ’ ಎಂದರೆ ಆ ತಿದ್ದುಪಡಿ ಬಿದ್ದಂತೆಯೇ. ಆಕೆ ಇದಕ್ಕೆ ಶುಲ್ಕ ಕೇಳುವುದಿಲ್ಲ, ಆದರೆ ಎರಡನೆಯ ಕಾಫಿಯನ್ನು ನಾನೇ ಮಾಡಬೇಕು.

ಸೇವೆಯ ದೋಷ ಈಗಲೂ ಇದೆ. ಬೇಕಾದ ಸಂಪಾದಕರನ್ನು ಆರಿಸಿಕೊಳ್ಳಲು ಅವಕಾಶವಿಲ್ಲ. ಹಬ್ಬದ ದಿನಗಳಲ್ಲಿ ಕಳಿಸಿದರೆ ಕಡತ ಬೇರೆಯವರ ಕೈಗೆ ಹೋಗುತ್ತದೆ, ಮತ್ತು ‘ಸಾಂಪ್ರದಾಯಿಕ ಉಪಕರಣ’ ಮರಳಿ ಬರುತ್ತದೆ. ಆದ್ದರಿಂದ ಈಗ ಸೂಚನೆಯ ಚೌಕದಲ್ಲಿ ಮುಟ್ಟಬಾರದ ಹತ್ತು ಪದಗಳನ್ನು ಬರೆದು, ಅದರ ಕೆಳಗೆ ‘ಚೆನ್ನಾಗಿ ಮಾಡಿಕೊಡಿ’ ಎನ್ನುತ್ತೇನೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ನಾಲ್ಕೂ ಆ ಸಂಪಾದಕಿಗೆ.