ಮೋಡದ ಗುರುತಿನ ಫೈಲುಗಳೊಂದಿಗೆ ಮೂರು ವರ್ಷ: ಒಬ್ಬ ಭೂಮಾಪಕನ ಅನುಭವ

ನಾನು ಪರವಾನಗಿ ಪಡೆದ ಭೂಮಾಪಕ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತು, ಹಿಡುವಳಿ ವಿಂಗಡಿಸುವ ಪೋಡಿ ಕೆಲಸಗಳಿಗಾಗಿ ಮಲೆನಾಡಿನ ಹಳ್ಳಿಗಳನ್ನು ಸುತ್ತುವವನಾದ್ದರಿಂದ ಟಿಪ್ಪಣಿ, ಆಕಾರಬಂದು, ಪಹಣಿ ಎಂಬ ಭೂದಾಖಲೆಗಳ ಸ್ಕ್ಯಾನ್ ಪ್ರತಿಗಳು ಸದಾ ಜೊತೆಯಲ್ಲಿರಬೇಕು. ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಡಿಸ್ಕು 256 ಜಿಬಿಯದು. ಅದನ್ನು ಬದಲಿಸುವಷ್ಟು ಹಣ ಸದ್ಯಕ್ಕೆ ಇಲ್ಲ. ಮೂರು ವರ್ಷಗಳ ಹಿಂದೆ ಎಲ್ಲವನ್ನೂ ಒಂದು ಕ್ಲೌಡ್ ಸೇವೆಗೆ ಏರಿಸಿದಾಗ ಡಿಸ್ಕಿನ ಅರ್ಧದಷ್ಟು ಜಾಗ ಖಾಲಿಯಾಯಿತು, ಆದರೂ ಫೋಲ್ಡರುಗಳು ಮೊದಲಿನಂತೆಯೇ ತುಂಬಿಕೊಂಡು ಕಾಣುತ್ತಿದ್ದವು. ಮೊದಲ ವರ್ಷವಿಡೀ ನಾನು ಪರಿಚಯದವರಿಗೆಲ್ಲ ಈ ಸೇವೆಯನ್ನೇ ಹೊಗಳುತ್ತಿದ್ದೆ.

ಎರಡನೆಯ ಮಳೆಗಾಲ ಮುಗಿದ ಮೇಲೆ ಮೊಬೈಲ್ ಸಿಗ್ನಲ್ ಸಿಗದ ಒಂದು ಕಾಫಿ ತೋಟಕ್ಕೆ ಹದ್ದುಬಸ್ತಿಗೆಂದು ಹೋಗಿದ್ದೆ. ನಾಲ್ಕೂ ದಿಕ್ಕಿನ ಹಿಡುವಳಿದಾರರು ಬಂದು ಕಾಯುತ್ತಿದ್ದರು. ಸರ್ವೆ ನಂಬರಿನ ಫೋಲ್ಡರ್ ತೆರೆದರೆ ಅಲ್ಲಿ ಹನ್ನೊಂದು ಫೈಲುಗಳ ಹೆಸರೂ ಇದ್ದವು, ಆದರೆ ಒಂದೂ ತೆರೆಯಲಿಲ್ಲ. "ನಕ್ಷೆ ತಂದಿಲ್ವಾ ಸಾರ್?" ಎಂದು ಹಿರಿಯರೊಬ್ಬರು ಕೇಳಿದರು. ಎರಡು ತಿಂಗಳ ಹಿಂದೆ ನಾನೇ ಆ ಫೈಲುಗಳನ್ನು ತೆರೆದು ನೋಡಿದ್ದೆ. ಆಗ ಅವುಗಳ ಪಕ್ಕದಲ್ಲಿ ಹಸಿರು ಟಿಕ್ ಗುರುತೂ ಇತ್ತು. ಈಗ ಅದೇ ಜಾಗದಲ್ಲಿ ನೀಲಿ ಗೆರೆಯ ಮೋಡವಿತ್ತು. ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಕಾರಣ ತಿಳಿಯಲು ನನಗೆ ಒಂದು ವಾರ ಹಿಡಿಯಿತು. ನೀಲಿ ಮೋಡವಿರುವ ಫೈಲು ಬರೀ ಆನ್‌ಲೈನ್‌ನಲ್ಲಿರುವ ಫೈಲು: ಹೆಸರು, ದಿನಾಂಕ, ಗಾತ್ರ ಮಾತ್ರ ನಮ್ಮ ಡಿಸ್ಕಿನಲ್ಲಿರುತ್ತವೆ, ಒಳಗಿನ ವಿಷಯ ದೂರದ ಸರ್ವರಿನಲ್ಲಿರುತ್ತದೆ. ಫೈಲಿನ Properties ತೆರೆದರೆ Size ಎಂಬಲ್ಲಿ ಪೂರ್ಣ ಗಾತ್ರವೂ Size on disk ಎಂಬಲ್ಲಿ 0 bytes ಎಂದೂ ಕಾಣುವುದು ಅದಕ್ಕೇ. ನನ್ನನ್ನು ನಿಜವಾಗಿ ಮೋಸಗೊಳಿಸಿದ್ದು ಹಸಿರು ಟಿಕ್, ಏಕೆಂದರೆ ಅದರಲ್ಲಿ ಎರಡು ಬಗೆಗಳಿವೆ. ಬಿಳಿ ವೃತ್ತದೊಳಗಿನ ಹಸಿರು ಟಿಕ್ ಎಂದರೆ ಫೈಲು ಒಮ್ಮೆ ತೆರೆದದ್ದರಿಂದ ಇಳಿದುಕೊಂಡಿದೆ, ಸದ್ಯಕ್ಕೆ ಇಲ್ಲಿದೆ ಎಂದಷ್ಟೇ ಅರ್ಥ. ಪೂರ್ತಿ ಹಸಿರು ತುಂಬಿದ ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಮಾತ್ರ ಅದನ್ನು ಇಲ್ಲೇ ಇಟ್ಟುಕೊಳ್ಳುವಂತೆ ನಾವು ಹೇಳಿದ್ದೇವೆ ಎಂದಾಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ Storage Sense ಚಾಲೂ ಇತ್ತು, ಮೂವತ್ತು ದಿನ ತೆರೆಯದ ಕ್ಲೌಡ್ ಫೈಲುಗಳನ್ನು ಮತ್ತೆ ಆನ್‌ಲೈನ್‌ಗೆ ಮರಳಿಸಿ ಜಾಗ ತೆರವು ಮಾಡುವ ಆಯ್ಕೆಯೂ ಅದರಲ್ಲಿ ಆನ್ ಆಗಿತ್ತು. ಅದು ಮೊದಲ ಬಗೆಯ ಟಿಕ್ ಇರುವ ಫೈಲುಗಳನ್ನು ಸದ್ದಿಲ್ಲದೆ ಖಾಲಿ ಮಾಡುತ್ತದೆ, ಎರಡನೆಯ ಬಗೆಯವನ್ನು ಮುಟ್ಟುವುದಿಲ್ಲ. ಇಷ್ಟು ಮುಖ್ಯವಾದ ವ್ಯತ್ಯಾಸವನ್ನು ಅಕ್ಕಿಕಾಳಿನಷ್ಟು ಚಿಕ್ಕ ಚಿಹ್ನೆಯಲ್ಲಿ ತೋರಿಸುವುದು ತಪ್ಪು ಎಂದು ನಾನು ಈಗಲೂ ಹೇಳುತ್ತೇನೆ.

ಆಮೇಲೆ ಒಂದು ಸಂಜೆಯ ರೂಢಿ ಬೆಳೆಯಿತು. ಮರುದಿನದ ಊರಿನ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ Always keep on this device ಆರಿಸುತ್ತೇನೆ. ಬಾಣಗಳ ಗುರುತು ಸುತ್ತುತ್ತಿರುವವರೆಗೆ ಫೈಲುಗಳು ಇನ್ನೂ ಇಳಿಯುತ್ತಿವೆ ಎಂದರ್ಥ, ಆದ್ದರಿಂದ ಊಟ ಮುಗಿಸಿ ಬಂದು ಪೂರ್ತಿ ಹಸಿರಾಗಿದೆಯೇ ಎಂದು ನೋಡುತ್ತೇನೆ. ಕೊನೆಗೆ ವೈಫೈ ಆಫ್ ಮಾಡಿ ಟಿಪ್ಪಣಿಯ ಪ್ರತಿಯನ್ನು ಒಮ್ಮೆ ತೆರೆದು ಸರಪಳಿ ಅಳತೆಯ ಅಂಕಿಗಳನ್ನು ಓದುತ್ತೇನೆ. ಅವು ಕಂಡ ಮೇಲೇ ಬ್ಯಾಗಿಗೆ ಲ್ಯಾಪ್‌ಟಾಪ್ ಸೇರುವುದು. ಕೆಲಸ ಮುಗಿದು ಹೊಸ ನಕ್ಷೆ ಏರಿದ ಬಳಿಕ ಅದೇ ಮೆನುವಿನ Free up space ಒತ್ತಿದರೆ ಮೋಡ ಮರಳುತ್ತದೆ, ಡಿಸ್ಕು ಹಗುರಾಗುತ್ತದೆ. ಈ ಹತ್ತು ನಿಮಿಷಗಳ ಕೆಲಸದಿಂದಾಗಿ ಸೇವೆಯ ಮೇಲಿನ ನನ್ನ ಸಿಟ್ಟು ಬಹುಮಟ್ಟಿಗೆ ಇಳಿದಿದೆ.

ಇನ್ನೊಂದು ಅಪಾಯವನ್ನು ಹೇಳಲೇಬೇಕು. ಡಿಸ್ಕಿನಲ್ಲಿ ಜಾಗವನ್ನೇ ತೆಗೆದುಕೊಳ್ಳದ ಈ ಫೈಲುಗಳನ್ನು ನನ್ನ ಸಹಾಯಕರು ಕೆಲಸಕ್ಕೆ ಬಾರದವೆಂದು ಭಾವಿಸಿ ಒಂದು ಫೋಲ್ಡರನ್ನೇ ಅಳಿಸಿಬಿಟ್ಟರು. ಡಿಲೀಟ್ ಒತ್ತಿದರೆ ಫೈಲು ಸರ್ವರಿನಿಂದಲೂ ನಮ್ಮ ಕಚೇರಿಯ ಕಂಪ್ಯೂಟರಿನಿಂದಲೂ ಹೋಗುತ್ತದೆ, ಮತ್ತು ಆನ್‌ಲೈನ್ ಫೈಲು ಲ್ಯಾಪ್‌ಟಾಪಿನ Recycle Bin ಸೇರುವುದಿಲ್ಲ. ಬ್ರೌಸರಿನಲ್ಲಿ ಖಾತೆ ತೆರೆದು ಅಲ್ಲಿನ ಕಸದ ಬುಟ್ಟಿಯಿಂದ ಅವನ್ನು ಮರಳಿ ಪಡೆದೆವು. ನನ್ನ ಬಗೆಯ ಖಾತೆಯಲ್ಲಿ ಅದಕ್ಕೆ 30 ದಿನಗಳ ಗಡುವಿದೆ. ಜಾಗ ಬೇಕಾದರೆ Free up space, ಫೈಲೇ ಬೇಡವಾದರೆ ಮಾತ್ರ ಡಿಲೀಟ್ ಎಂದು ಈಗ ಅವರ ಮೇಜಿನ ಮೇಲೆ ಬರೆದು ಅಂಟಿಸಿದ್ದೇನೆ.

ಫೋಲ್ಡರಿನಲ್ಲಿ ಹೆಸರುಗಳೂ ಕಾಣದೆ ಅದು ನಿಜಕ್ಕೂ ಬರಿದಾಗಿದ್ದರೆ ವಿಷಯ ಬೇರೆ. ಕಚೇರಿಯ ಕಂಪ್ಯೂಟರಿನಲ್ಲಿ ಒಮ್ಮೆ ಹಾಗಾದಾಗ ಕಾರಣ ಸರಳವಾಗಿತ್ತು: Documents ಫೋಲ್ಡರಿನ ಬ್ಯಾಕಪ್ ಆಯ್ಕೆಯನ್ನು ಯಾರೋ ಆಫ್ ಮಾಡಿದ್ದರು, ಫೈಲುಗಳು ಕ್ಲೌಡ್ ಫೋಲ್ಡರಿನೊಳಗಿನ ಇನ್ನೊಂದು Documents ನಲ್ಲಿ ಉಳಿದಿದ್ದವು. ಗಾಬರಿಯಿಂದ ಏನನ್ನಾದರೂ ಮಾಡುವ ಮೊದಲು ಬ್ರೌಸರಿನಲ್ಲಿ ಖಾತೆ ತೆರೆದು ನೋಡಿ. ಅಲ್ಲಿ ಫೈಲುಗಳಿದ್ದರೆ ಅವು ಕಳೆದುಹೋಗಿಲ್ಲ.

ಈ ವರ್ಷದ ಚಂದಾವನ್ನೂ ಕಟ್ಟಿದ್ದೇನೆ. ಆದರೆ ಹದ್ದುಬಸ್ತಿನ ಹಳೆಯ ಟಿಪ್ಪಣಿಗಳ ಇನ್ನೊಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಟ್ಟು, ಅದನ್ನೂ ಅದೇ ಬ್ಯಾಗಿನಲ್ಲಿ ಒಯ್ಯುತ್ತೇನೆ.